ಇ.ಸಿ. ಖಾಲಿ ಇದ್ದರೆ ಸೈಟು ಕ್ಲಿಯರ್ರಾ?

"ಇ.ಸಿ.ಯಲ್ಲಿ ಏನೂ ಇಲ್ಲ ಅಂದ್ರೆ ಸೈಟು ಕ್ಲಿಯರ್, ಧೈರ್ಯವಾಗಿ ತಗೊಳ್ಳಿ."

ಸತ್ಯಾಂಶ: ಇಲ್ಲ. ಇ.ಸಿ. ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿ ಕೊಡುವ ಋಣಭಾರ ಪ್ರಮಾಣಪತ್ರ. ನೀವು ಕೇಳಿದ ಅವಧಿಯಲ್ಲಿ ನೋಂದಣಿಯಾದ ಪತ್ರಗಳಷ್ಟೇ ಅದರಲ್ಲಿ ಬರುತ್ತವೆ. ಸಾವು, ವಾರಸುದಾರಿಕೆ ಅದರಲ್ಲಿ ಕಾಣುವುದಿಲ್ಲ.

ಒಂದು ಹಿಂದೂ ಕುಟುಂಬ ಅಂದುಕೊಳ್ಳಿ. ತಂದೆ 1994ರಲ್ಲಿ ಸ್ವಂತ ದುಡ್ಡಲ್ಲಿ ಸೈಟು ಕೊಂಡರು. 2010ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಮಗ ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡು ಈಗ ಮಾರುತ್ತಿದ್ದಾನೆ. 2011ರಿಂದ ಇ.ಸಿ. ತೆಗೆಸಿದರೆ ಫಾರಂ 16 ಬರುತ್ತದೆ, ಅಂದರೆ ವಹಿವಾಟೇ ಇಲ್ಲ. ಆದರೆ ತಾಯಿಗೂ ಅಕ್ಕತಂಗಿಯರಿಗೂ ಅಷ್ಟೇ ಪಾಲಿದೆ. ಖಾತೆ ತೆರಿಗೆ ಕಟ್ಟೋಕೆ, ಅದು ಹಕ್ಕುಪತ್ರ ಅಲ್ಲ.

1994ಕ್ಕೂ ಹಿಂದಿನಿಂದ ಇ.ಸಿ. ತೆಗೆಸಿ, ಮೂಲ ಪತ್ರದ ಪಕ್ಕ ಇಟ್ಟು ನೋಡಿ. ಕೊನೆಯದಾಗಿ ಕೊಂಡವರು ತಂದೆ, ಮಾರುತ್ತಿರುವವನು ಮಗ. ನಡುವೆ ಒಂದೂ ಪತ್ರವಿಲ್ಲ, ಅಲ್ವಾ? ಕೊಂಡಿ ತಪ್ಪಿರುವುದು ಅಲ್ಲೇ. ವಂಶವೃಕ್ಷ ಕೇಳಿ. ಅದರಲ್ಲಿರುವ ವಾರಸುದಾರರೆಲ್ಲ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಣಿಯಾದ ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ತೋರಿಸಬೇಕು.