ಅನ್‌ಲಿಮಿಟೆಡ್ ಎಂಬ ಮಾತೂ, ಪಾಡ್ಯದ ಬೆಳಗೂ

ಇಳಕಲ್ಲಿನಲ್ಲಿ ಸೀರೆ ಅಂಗಡಿ ನಡೆಸುವ ನನ್ನ ಅಕ್ಕನ ಮಗಳ ವೆಬ್‌ಸೈಟ್ ಪಾಡ್ಯದ ದಿನ ಬೆಳಿಗ್ಗೆ ಮಲಗಿಬಿಟ್ಟಿತು. ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದರೆ, ‘ಮೇಡಂ, ನಿಮ್ಮ ಸೈಟಿಗೆ ಜನ ಜಾಸ್ತಿ ಬಂದಿದ್ದಾರೆ, ದೊಡ್ಡ ಪ್ಲಾನ್ ತೆಗೆದುಕೊಳ್ಳಿ’ ಎಂದು ಅಲ್ಲಿನ ಹುಡುಗ ಅಭಿನಂದಿಸುವ ದನಿಯಲ್ಲಿ ಹೇಳಿದನಂತೆ. ಅದೇ ಕಂಪನಿ ಅದೇ ಪ್ಲಾನನ್ನು ಮಾರುವಾಗ ‘ಅನ್‌ಲಿಮಿಟೆಡ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನನ್ನ ಸಿಟ್ಟೆಲ್ಲ ಆ ಒಂದು ಪದದ ಮೇಲೆ.

ಅನ್‌ಲಿಮಿಟೆಡ್ ಆಗಿದ್ದದ್ದು ಜಾಗ ಮತ್ತು ಡೇಟಾ ಮಾತ್ರ. ಒಂದೇ ಕ್ಷಣದಲ್ಲಿ ಎಷ್ಟು ಪುಟಗಳನ್ನು ಸಿದ್ಧಪಡಿಸಬಹುದು ಎಂಬುದಕ್ಕೆ 20ರ ಮಿತಿಯಿತ್ತು, ಅದು ಬಹಳ ಕೆಳಗೆ ಸಣ್ಣಕ್ಷರದಲ್ಲಿತ್ತು. ಅವಳ ಒಂದು ಪುಟ ಸಿದ್ಧವಾಗಲು ಸುಮಾರು ಎರಡು ಸೆಕೆಂಡು ಬೇಕು; ಅಂದರೆ ಸೆಕೆಂಡಿಗೆ ಹತ್ತು ಪುಟ. ಅವಳು ಹತ್ತು ಗಂಟೆಗೆ ಸರಿಯಾಗಿ, ತಲಾ 256 ಜನರಿರುವ ನಾಲ್ಕು ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗಳಿಗೆ ಒಟ್ಟಿಗೇ ಲಿಂಕ್ ಕಳಿಸಿದಳು. ಮೊದಲ ಐದು ನಿಮಿಷದಲ್ಲಿ ಮುನ್ನೂರು ಜನ ಬಂದು ತಲಾ ಹತ್ತು ಸೀರೆ ನೋಡಿದರೂ ಸೆಕೆಂಡಿಗೆ ಹತ್ತು ಪುಟವಾಯಿತು, ಲೆಕ್ಕ ಅಲ್ಲಿಗೇ ಅಂಚು ಮುಟ್ಟಿತು. ಸರ್ವರ್ ಉಸಿರುಗಟ್ಟಿದಾಗ ಎರಡು ಸೆಕೆಂಡಿನ ಕೆಲಸಕ್ಕೆ ಐದು ಸೆಕೆಂಡು ಹಿಡಿಯುತ್ತದೆ, ಹತ್ತು ಪುಟ ಹೋಗಿ ನಾಲ್ಕಾಗುತ್ತದೆ. ಪುಟ ಬಾರದವರು ಸುಮ್ಮನಿರುತ್ತಾರೆಯೇ? ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ. 10:05ಕ್ಕೆ ಎಲ್ಲರ ಫೋನಿನಲ್ಲೂ ಒಂದೇ ಸಾಲು:

```
508 Resource Limit Is Reached
```

‘ಮಾಮಾ, ಸೈಟ್ ತೆರೀವಲ್ದು’ ಎಂದು ಅವಳು ಫೋನ್ ಮಾಡಿದಾಗ ನಾನು ಹೋಳಿಗೆಯ ಮುಂದೆ ಕುಳಿತಿದ್ದೆ.

‘ಕಡಿಮೆ ದುಡ್ಡಿನ ಪ್ಲಾನ್ ತೆಗೆದುಕೊಂಡರೆ ಹೀಗೇ ಆಗುವುದು’ ಎಂದು ನಮ್ಮವರೇ ಒಬ್ಬರು ಬುದ್ಧಿ ಹೇಳಿದರು. ಸರಿ, ಒಪ್ಪೋಣ. ಆದರೆ ವರ್ಷದಲ್ಲಿ ಎರಡು ಗಂಟೆಯ ಗದ್ದಲಕ್ಕಾಗಿ ಹನ್ನೆರಡು ತಿಂಗಳು ದೊಡ್ಡ ಸರ್ವರಿಗೆ ಬಾಡಿಗೆ ಕಟ್ಟುವುದು ಜಾತ್ರೆಗೆಂದು ವರ್ಷಪೂರ್ತಿ ಪೆಂಡಾಲ್ ಹಾಕಿಸಿದಂತೆ. ಅಲ್ಲದೆ ಇಲ್ಲಿನ ತಪ್ಪು ಪ್ಲಾನಿನದಷ್ಟೇ ಅಲ್ಲ.

ಈಗ ಹೇಳಿಯೇ ಬಿಡುತ್ತೇನೆ. ಮಾರಾಟವಾದ ಸೀರೆಯೂ ಪುಟದಲ್ಲಿ ‘ಲಭ್ಯ’ ಎಂದೇ ಕಾಣುತ್ತಿದೆ ಎಂದು ಅವಳು ಶ್ರಾವಣದಲ್ಲಿ ದೂರಿದಾಗ, ಸಿದ್ಧಪುಟಗಳನ್ನು ಇಟ್ಟುಕೊಂಡು ಹಂಚುವ ಕ್ಯಾಶ್ ವ್ಯವಸ್ಥೆಯನ್ನೇ ಪೂರ್ತಿ ನಿಲ್ಲಿಸಿದವನು ನಾನು. ಕಾರ್ಟ್ ಮತ್ತು ಹಣ ಕಟ್ಟುವ ಪುಟಗಳನ್ನು ಹೊರಗಿಟ್ಟು, ಸೀರೆ ಮಾರಾಟವಾದ ಕೂಡಲೇ ಆ ಸೀರೆಯ ಸಿದ್ಧಪುಟವೊಂದನ್ನು ಅಳಿಸುವಂತೆ ಮಾಡಿದ್ದರೆ ಸಾಕಿತ್ತು. ‘ಮುಂದಿನ ವಾರ ಮಾಡಿಕೊಡುತ್ತೇನೆ’ ಎಂದಿದ್ದೆ. ಆ ವಾರ ಬರಲೇ ಇಲ್ಲ. ಸರ್ವರ್ ಕಾಯುವುದೇ ನನ್ನ ಹೊಟ್ಟೆಪಾಡು ಎಂಬುದು ನಿಮಗೆಲ್ಲ ಗೊತ್ತಿದ್ದದ್ದೇ, ನಗಬೇಡಿ.

ನಿಜವಾದ ಪೆಟ್ಟು ಬಿದ್ದದ್ದು ಸೈಟ್ ಎದ್ದ ಮೇಲೆ. ವಿಜಯಪುರದ ಗಿರಾಕಿಯೊಬ್ಬರು ಗದ್ದಲದ ನಡುವೆಯೂ ಹೇಗೋ ಒಳಗೆ ಹೋಗಿ, ತೋಪುತೆನೆ ಸೆರಗಿನ ಸೀರೆಯೊಂದಕ್ಕೆ 10:12ಕ್ಕೆ 4,200 ರೂಪಾಯಿ ಕಟ್ಟಿದ್ದರು. ಹಣ ಬಂದ ಸುದ್ದಿಯನ್ನು ಪೇಮೆಂಟ್ ಗೇಟ್‌ವೇ ಸೈಟಿಗೆ ತಲುಪಿಸಬೇಕು. ಕದ ಮುಚ್ಚಿದ್ದರಿಂದ ಅದು ತಲುಪಲಿಲ್ಲ. ಗೇಟ್‌ವೇ ಮತ್ತೆ ಮತ್ತೆ ಪ್ರಯತ್ನಿಸುತ್ತದಾದರೂ ಪ್ರಯತ್ನಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತದೆ. ಇತ್ತ ಸೈಟಿನ ಅಂಗಡಿ ವ್ಯವಹಾರ ನೋಡಿಕೊಳ್ಳುವ WooCommerceನಲ್ಲಿ `Hold stock (minutes)` ಎಂಬಲ್ಲಿ 60 ಎಂದಿತ್ತು. ಅಷ್ಟು ನಿಮಿಷದೊಳಗೆ ಹಣ ಬಂದ ಸುದ್ದಿ ಸಿಗದ ಆರ್ಡರನ್ನು ಅದು ರದ್ದುಮಾಡಿ ಸರಕನ್ನು ಮರಳಿ ಅಂಗಡಿಗೆ ಇಡುತ್ತದೆ. 11:20ಕ್ಕೆ ಸೈಟ್ ಎದ್ದಿತು, ಆರ್ಡರ್ ರದ್ದಾಯಿತು, 11:40ಕ್ಕೆ ಅದೇ ಸೀರೆಯನ್ನು ಬೆಳಗಾವಿಯವರೊಬ್ಬರು ಕೊಂಡರು. ಕಾರ್ಖಾನೆಯ ಅಂಗಿಯಾಗಿದ್ದರೆ ಇನ್ನೊಂದು ಕೊಡಬಹುದಿತ್ತು. ಕೈಮಗ್ಗದ ಆ ಬಣ್ಣದ ಸೀರೆ ಇದ್ದದ್ದು ಒಂದೇ.

ಅವಳು ಅಳುತ್ತಾ ಕೂರಲಿಲ್ಲ ಎಂಬುದು ನನಗೆ ಹೆಮ್ಮೆ. ಗೇಟ್‌ವೇಯ ಪಟ್ಟಿಯನ್ನು ಒಂದು ಕಡೆ, ಸೈಟಿನ ಆರ್ಡರ್ ಪಟ್ಟಿಯನ್ನು ಇನ್ನೊಂದು ಕಡೆ ತೆರೆದಿಟ್ಟು, ಮೊತ್ತ ಮತ್ತು ಮೊಬೈಲ್ ಸಂಖ್ಯೆ ಹಿಡಿದು ನೋಟ್‌ಬುಕ್ಕಿನಲ್ಲಿ ಒಂದೊಂದನ್ನೇ ಟಿಕ್ ಮಾಡಿದಳು. ಹಣ ಬಂದದ್ದು 31, ದಾಖಲಾದ ಆರ್ಡರ್ 22. ಉಳಿದ ಒಂಬತ್ತು ಜನರಿಗೆ, ಅವರು ಬೈಯುವ ಮೊದಲೇ, ತಾನೇ ಫೋನ್ ಮಾಡಿದಳು. ಆರು ಸೀರೆ ಇನ್ನೂ ಅಂಗಡಿಯಲ್ಲಿದ್ದವು, ಮೂರು ಎರಡೆರಡು ಬಾರಿ ಮಾರಾಟವಾಗಿದ್ದವು. ಇಬ್ಬರು ಹಣ ವಾಪಸ್ ಕೇಳಿದರು. ವಿಜಯಪುರದವರು ಮಾತ್ರ, ‘ಇನ್ನೊಂದು ನೇಯಿಸಿ ಕೊಡವಾ, ಕಾಯ್ತೀನಿ’ ಎಂದರಂತೆ.

ಈಗ ಸಿದ್ಧಪುಟಗಳ ಕ್ಯಾಶ್ ಮತ್ತೆ ಶುರುವಾಗಿದೆ, ಈ ಸಲ ಸರಿಯಾಗಿ. ನಾಲ್ಕು ಪಟ್ಟಿಗಳಿಗೆ ಅರ್ಧರ್ಧ ಗಂಟೆ ಬಿಟ್ಟು ಲಿಂಕ್ ಕಳಿಸುವುದೆಂದು ಅವಳೇ ತೀರ್ಮಾನಿಸಿದ್ದಾಳೆ. ಆ 60 ನಿಮಿಷವನ್ನು ಹಬ್ಬದ ದಿನ ಮಾತ್ರ 240 ಮಾಡುತ್ತಾಳಂತೆ. ಸದಾ ಹಾಗೇ ಬಿಟ್ಟರೆ, ಸೀರೆ ಆರಿಸಿ ಹಣ ಕಟ್ಟದೆ ಎದ್ದುಹೋದವರು ನಾಲ್ಕು ತಾಸು ಅದನ್ನು ಹಿಡಿದಿಟ್ಟಂತಾಗುತ್ತದೆ. ‘ಖಾತೆಯಿಂದ ಹಣ ಹೋಗಿದ್ದರೆ ಎರಡನೇ ಸಲ ಕಟ್ಟಬೇಡಿ, ನನಗೆ ಫೋನ್ ಮಾಡಿ’ ಎಂಬ ಸಂದೇಶವನ್ನೂ ಬರೆದಿಟ್ಟಿದ್ದಾಳೆ.

ಆ ಕಂಪನಿಯಿಂದ ನಿನ್ನೆ ಅವಳಿಗೊಂದು ಇಮೇಲ್ ಬಂದಿದೆ. ಹಬ್ಬದ ರಿಯಾಯಿತಿಯಂತೆ. ಹೊಸ ಪ್ಲಾನಿನ ಹೆಸರಿನಲ್ಲೂ ಅನ್‌ಲಿಮಿಟೆಡ್ ಇದೆ, ಈ ಬಾರಿ ಪಕ್ಕದಲ್ಲೊಂದು ಪ್ಲಸ್ ಕೂಡ.