ಎಲ್ಲರಿಗೂ ಒಂದೇ ಪರ್ಸೆಂಟ್ ಟಾರ್ಗೆಟ್ ಹಾಕಬೇಡಿ

ಏಪ್ರಿಲ್ ಬಂದರೆ ಸಾಕು, ಬಹಳಷ್ಟು ಕಡೆ ಸೇಲ್ಸ್ ಟಾರ್ಗೆಟ್ ಹಾಕುವ ರೀತಿ ಒಂದೇ. ಹೋದ ವರ್ಷದ ಸೇಲ್ಸ್ ತಗೊಳ್ಳಿ, ಅದರ ಮೇಲೆ 15% ಏರಿಸಿ, ಹುಡುಗರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ನೋಡಲು ಎಲ್ಲರಿಗೂ ಸಮಾನ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಬಿಸ್ಕತ್ತು, ಸೋಪು ಮಾರುವ ಲೈನಿನ ಲೆಕ್ಕವನ್ನೇ ನೋಡಿ. ಹುಬ್ಬಳ್ಳಿ ಪೇಟೆಯಲ್ಲಿ ಒಬ್ಬ ಸೇಲ್ಸ್‌ಮನ್ ಇದ್ದಾನೆ ಅಂತ ಇಟ್ಕೊಳ್ಳಿ. ಅಂಗಡಿಗಳು ಒತ್ತೊತ್ತಾಗಿವೆ, ದಿನಕ್ಕೆ 40 ಅಂಗಡಿ ಸುತ್ತುತ್ತಾನೆ. 25 ಬಿಲ್ ಆಗಬೇಕು, ಬಿಲ್ಲಿಗೆ ಸರಾಸರಿ 1,200 ರೂಪಾಯಿ. ತಿಂಗಳಿಗೆ 25 ದಿನ ಅಂದರೆ 7.5 ಲಕ್ಷ. ಇನ್ನೊಬ್ಬನದು ಯಲ್ಲಾಪುರ, ಜೋಯಿಡಾ ಕಡೆಯ ಬೀಟ್. ಊರಿಂದೂರಿಗೆ ಕಾಡಿನ ದಾರಿ, ದಿನಕ್ಕೆ 18 ಅಂಗಡಿ ಮುಟ್ಟಿದರೆ ಹೆಚ್ಚು. 12 ಬಿಲ್, ಅಪರೂಪಕ್ಕೆ ಹೋಗುವುದರಿಂದ ಬಿಲ್ ಸ್ವಲ್ಪ ದೊಡ್ಡದು, 1,500. ಎಷ್ಟೇ ಓಡಾಡಿದರೂ 4.5 ಲಕ್ಷ.

ಹೋದ ವರ್ಷ ಪೇಟೆಯವನು ತಿಂಗಳಿಗೆ 5 ಲಕ್ಷ ಮಾಡಿದ್ದ, ಕಾಡಿನ ದಾರಿಯವನು 4.3 ಲಕ್ಷ. ಇಬ್ಬರಿಗೂ 15% ಏರಿಸಿದರೆ ಒಬ್ಬನಿಗೆ 5.75 ಲಕ್ಷ, ಇನ್ನೊಬ್ಬನಿಗೆ 4.95 ಲಕ್ಷ. ಅರ್ಧ ಮನಸ್ಸಿನಿಂದ ದುಡಿದವನಿಗೆ ಇನ್ನೂ ಜಾಗ ಇದೆ, ಜೀವ ತೇಯ್ದವನಿಗೆ ಆ ಬೀಟ್‌ನಲ್ಲಿ ಇಲ್ಲದ ವ್ಯಾಪಾರ ತಾ ಅಂತ ಹೇಳಿದ ಹಾಗಾಯ್ತು. ಚೆನ್ನಾಗಿ ಮಾಡಿದ್ದಕ್ಕೇ ಶಿಕ್ಷೆ ಅಲ್ವಾ ಇದು?

ಅದಕ್ಕೇ ಹೇಳುವುದು, ಲೆಕ್ಕ ಅಂಗಡಿಯಿಂದ ಶುರುವಾಗಲಿ. ಎಷ್ಟು ಅಂಗಡಿ, ದಿನಕ್ಕೆ ಎಷ್ಟು ಮುಟ್ಟಬಹುದು, ಅದರಲ್ಲಿ ಎಷ್ಟು ಬಿಲ್. ಮ್ಯಾನೇಜರ್ ಎರಡು ದಿನ ಆ ಬೀಟ್‌ನಲ್ಲಿ ಬೈಕ್ ಹಿಂದೆ ಕೂತು ಹೋಗಿ ಬಂದರೆ ಅರ್ಧ ಉತ್ತರ ಸಿಗುತ್ತದೆ. ಮಳೆಗಾಲವನ್ನೂ ಸೇರಿಸಿ. ಜುಲೈನಲ್ಲಿ ಆ ಕಡೆ 12 ಅಂಗಡಿ ಮುಟ್ಟುವುದೂ ಕಷ್ಟ, ಚಳಿಗಾಲದಲ್ಲಿ ದಾಂಡೇಲಿ ಸುತ್ತ ಪ್ರವಾಸಿಗರು ಬಂದಾಗ ವ್ಯಾಪಾರ ಏರುತ್ತದೆ. ವರ್ಷದ ಟಾರ್ಗೆಟ್ಟನ್ನು ಸುಮ್ನೆ ಹನ್ನೆರಡರಿಂದ ಭಾಗಿಸಿದರೆ ಮಳೆಗಾಲದ ನಾಲ್ಕು ತಿಂಗಳು ಕಾಡಿನ ದಾರಿಯವನಿಗೆ ಇನ್ಸೆಂಟಿವ್ ಸಿಗುವುದೇ ಇಲ್ಲ.

ಟಾರ್ಗೆಟ್ ತಪ್ಪಾಗಿದ್ದರೆ ಬಿಲ್ಲಿಂಗ್‌ನಲ್ಲೇ ಗೊತ್ತಾಗುತ್ತದೆ. ತಿಂಗಳ ಅರ್ಧ ಮಾಲು 26ನೇ ತಾರೀಕಿನ ಮೇಲೆ ಹೋಗಿದೆಯಾ, ಮುಂದಿನ ತಿಂಗಳ ಮೊದಲ ವಾರ ಬೀಟ್ ಖಾಲಿ ಹೊಡೆಯುತ್ತಿದೆಯಾ, ರಿಟರ್ನ್ ಬರುತ್ತಿದೆಯಾ ನೋಡಿ. ಅದು ಮಾರಾಟ ಅಲ್ಲ, "ಅಣ್ಣಾ, ಈ ತಿಂಗಳು ಎರಡು ಕೇಸ್ ಇಟ್ಕೊಳ್ಳಿ, ಆಮೇಲೆ ನೋಡೋಣ" ಅಂತ ಅಂಗಡಿಯವರ ಕೈಕಾಲು ಹಿಡಿದು ತುಂಬಿದ ಮಾಲು.

ಇನ್ನೊಂದು ಮಾತು. ಇನ್ಸೆಂಟಿವ್ 100% ಮುಟ್ಟಿದ ಮೇಲೇ ಶುರು ಅಂತ ಇಟ್ಟರೆ, 20ನೇ ತಾರೀಕಿಗೆ 50%ನಲ್ಲಿ ಇರುವವನು ಆ ತಿಂಗಳು ಕೈಬಿಟ್ಟು, ಕೈಯಲ್ಲಿರುವ ಆರ್ಡರನ್ನೂ ಮುಂದಿನ ತಿಂಗಳಿಗೆ ಎತ್ತಿಡುತ್ತಾನೆ. 80%ನಿಂದಲೇ ಸ್ವಲ್ಪ ಸ್ವಲ್ಪ ಕೊಡಿ. ವರ್ಷದ ನಡುವೆ ಅವನ ಬೀಟ್‌ನಿಂದ ಹತ್ತು ಅಂಗಡಿ ಕಿತ್ತು ಬೇರೆಯವನಿಗೆ ಕೊಟ್ಟರೆ, ಆ ಅಂಗಡಿಗಳ ಟಾರ್ಗೆಟ್ಟನ್ನೂ ಅದೇ ದಿನ ಅವನ ಲೆಕ್ಕದಿಂದ ಕಳೆಯಿರಿ.