ಪತ್ರ ಚಿಕ್ಕದಾಯಿತು, ಆದರೆ ಧಾಟಿ ಕೆಟ್ಟಿತು

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಊರಿನಲ್ಲಿ ಯಾರಿಗೆ ಅರ್ಜಿ ಬೇಕಾದರೂ, ಪತ್ರ ಬೇಕಾದರೂ ಸಂಜೆ ನಮ್ಮ ಮನೆ ಕಟ್ಟೆಗೆ ಬರುತ್ತಾರೆ. ಈ ವರ್ಷ ಎರಡು ಪತ್ರಗಳನ್ನು ಗಿಡ್ಡ ಮಾಡಿಕೊಡಲು ಹೋಗಿ ಎರಡನ್ನೂ ಕೆಡಿಸಿದೆ. ಆಮೇಲೆ ಸರಿ ಮಾಡಿದೆ. ಯಾಕೆ ಕೆಟ್ಟವು ಎಂದು ತುಂಬಾ ದಿನ ಯೋಚಿಸಿದ್ದೇನೆ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಬಸ್ಸಿನ ಅರ್ಜಿ. ನಮ್ಮ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಬಸ್ ಡಿಪೋದ ವ್ಯವಸ್ಥಾಪಕರಿಗೆ ಕೊಡಲು ಎರಡು ಪುಟದ ಅರ್ಜಿ ಬರೆಸಿಕೊಂಡು ಬಂದಿದ್ದರು. "ಮೇಷ್ಟ್ರೆ, ಇಷ್ಟುದ್ದ ಯಾರು ಓದ್ತಾರ್ರೀ, ಅರ್ಧ ಪುಟ ಮಾಡಿಕೊಡ್ರಿ" ಅಂದರು. ಅದರ ತಿರುಳು ಈ ಒಂದೇ ವಾಕ್ಯದಲ್ಲಿತ್ತು:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ಗ್ರಾಮದ ಪ್ರೌಢಶಾಲೆಗೆ ಸುತ್ತಲಿನ ಮೂರು ಹಳ್ಳಿಗಳಿಂದ 46 ವಿದ್ಯಾರ್ಥಿಗಳು ಬಂದು ಹೋಗುತ್ತಿದ್ದು, ಸದರಿ ವಿದ್ಯಾರ್ಥಿಗಳಿಗೆ ಸಂಜೆ 5.15ರವರೆಗೆ ವಿಶೇಷ ತರಗತಿ ಇರುವುದರಿಂದ ಹಾಗೂ ಸದರಿ ಮಾರ್ಗದ ಬಸ್ಸು 5 ಗಂಟೆಗೇ ಹೊರಡುತ್ತಿರುವುದರಿಂದ, ಸದರಿ ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗುತ್ತಿದ್ದು, ಕಾರಣ ತಾವು ದಯಮಾಡಿ ಸದರಿ ಬಸ್ಸಿನ ಸಮಯವನ್ನು 5.30ಕ್ಕೆ ಬದಲಾಯಿಸಿಕೊಡಬೇಕಾಗಿ ತಮ್ಮಲ್ಲಿ ಕಳಕಳಿಯಿಂದ ವಿನಂತಿಸಿಕೊಳ್ಳುತ್ತೇವೆ."

ನಾಲ್ಕು ಸಲ "ಸದರಿ". ನಾನು ಅವಸರದಲ್ಲಿ ಹೀಗೆ ಮಾಡಿಕೊಟ್ಟೆ:

"ನಮ್ಮ ಶಾಲೆಗೆ ಮೂರು ಹಳ್ಳಿಗಳಿಂದ 46 ಮಕ್ಕಳು ಬರುತ್ತಾರೆ. 5.15ರವರೆಗೆ ಕ್ಲಾಸ್ ಇರುತ್ತದೆ. ನೀವು ಬಸ್ಸನ್ನು 5 ಗಂಟೆಗೇ ಬಿಡುತ್ತೀರಿ. ಮಕ್ಕಳಿಗೆ ತೊಂದರೆ. 5.30ಕ್ಕೆ ಬದಲಾಯಿಸಬೇಕು."

ಅಧ್ಯಕ್ಷರು ಮರುದಿನ ಬಂದು, ಡಿಪೋದಲ್ಲಿದ್ದವರು ಓದಿ "ಇದು ಅರ್ಜಿನೋ, ನೋಟೀಸೋ?" ಎಂದು ಕೇಳಿದರು ಅಂದರು. ಕೇಳಿದವರದು ತಪ್ಪಲ್ಲ. ನಾನು ಒಂದೂ ಕೆಟ್ಟ ಮಾತು ಬರೆದಿರಲಿಲ್ಲ. ಆದರೂ ಓದುವವರಿಗೆ ಅದು ಗದರಿದ ಹಾಗೆ ಕೇಳಿಸಿತು.

ಯಾಕೆ ಹಾಗಾಯಿತು ನೋಡಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಮರ್ಯಾದೆಯೂ ಬಹುಪಾಲು ಅಲ್ಲೇ ಕೂತಿರುತ್ತದೆ. ಹಳೆಯ ಅರ್ಜಿಯಲ್ಲಿ "ಹೋಗುತ್ತಿದ್ದು", "ಇರುವುದರಿಂದ", "ಆಗುತ್ತಿದ್ದು" ಎಂದು ಎಳೆದುಕೊಂಡು ಹೋಗಿ ಕಟ್ಟಕಡೆಗೆ ಒಂದೇ ಸಲ ವಾಕ್ಯ ಮುಗಿಯುತ್ತದೆ. ಆ ಒಂದು ಕೊನೆಯಲ್ಲಿ "ವಿನಂತಿಸಿಕೊಳ್ಳುತ್ತೇವೆ" ಎಂದು ಇಟ್ಟರೆ ಇಡೀ ಅರ್ಜಿಗೆ ಸಾಕು. ಅದನ್ನು ಐದು ಚಿಕ್ಕ ವಾಕ್ಯ ಮಾಡಿದರೆ ಐದು ಕೊನೆಗಳು ಹುಟ್ಟುತ್ತವೆ. ಒಂದೊಂದು ಕೊನೆಯಲ್ಲೂ ನಾವು ಓದುವವರ ಜೊತೆ ಹೇಗೆ ಮಾತಾಡುತ್ತಿದ್ದೇವೆ ಎಂಬುದು ಕಾಣುತ್ತದೆ. ನಾನು ಆ ಐದು ಕೊನೆಗಳ ಕಡೆ ನೋಡಿಯೇ ಇರಲಿಲ್ಲ.

ಅದರಲ್ಲಿ ಎರಡು ಕೊನೆಗಳು ಎಲ್ಲಾ ಕೆಡಿಸಿದವು. ಒಂದು "ಬಿಡುತ್ತೀರಿ". ಹಳೆಯ ಅರ್ಜಿಯಲ್ಲಿ ಬಸ್ಸು ತಾನೇ "ಹೊರಡುತ್ತಿತ್ತು". ನಾನು ಅದಕ್ಕೆ ಒಬ್ಬ ಮಾಡುವವನನ್ನು ತಂದು ಕೂರಿಸಿದೆ, ಅವರೇ ಓದುವವರು. ಕೂಡಲೇ ಅದು ದೂರಾಯಿತು. ಇನ್ನೊಂದು "ಬದಲಾಯಿಸಬೇಕು". "ಬೇಕು" ಎನ್ನುವ ಪದ "ಬೇಕೆಂದು ವಿನಂತಿ" ಎಂಬುದರ ನಡುವೆ ಇದ್ದಾಗ ಕೋರಿಕೆ. ಅದೇ ಪದ ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಂತರೆ ಆಜ್ಞೆ. ಅದರ ಜೊತೆಗೆ ನಾನು "ಕೊಡು" ಎಂಬುದನ್ನೂ ತೆಗೆದುಹಾಕಿದ್ದೆ. "ಬದಲಾಯಿಸಿ" ಅನ್ನುವುದಕ್ಕೂ "ಬದಲಾಯಿಸಿಕೊಡಿ" ಅನ್ನುವುದಕ್ಕೂ ವ್ಯತ್ಯಾಸ ನಮ್ಮ ಚಿಕ್ಕ ಮಕ್ಕಳಿಗೂ ಗೊತ್ತು. ಎರಡನೆಯದರಲ್ಲಿ ನಮಗೆ ಉಪಕಾರ ಆಗುತ್ತದೆ ಎಂಬ ಅರ್ಥ ಇದೆ. ಎರಡು ಅಕ್ಷರ ಉಳಿಸಲು ಅದನ್ನು ಕಳೆದುಕೊಳ್ಳಬಾರದು.

ಎರಡನೇ ಸಲ ಬರೆದದ್ದು ಹೀಗೆ:

"ನಮ್ಮ ಪ್ರೌಢಶಾಲೆಗೆ ಮೂರು ಹಳ್ಳಿಗಳಿಂದ 46 ವಿದ್ಯಾರ್ಥಿಗಳು ಬರುತ್ತಾರೆ. ವಿಶೇಷ ತರಗತಿ ಮುಗಿಯುವುದು ಸಂಜೆ 5.15ಕ್ಕೆ. ಈ ಮಾರ್ಗದ ಬಸ್ಸು 5 ಗಂಟೆಗೆ ಹೊರಡುತ್ತದೆ, ಮುಂದಿನ ಬಸ್ಸು 7.30ಕ್ಕೆ. ಕತ್ತಲಾದ ಮೇಲೆ ಊರು ಸೇರುವುದು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಷ್ಟವಾಗುತ್ತಿದೆ. ಆದ್ದರಿಂದ 5 ಗಂಟೆಯ ಬಸ್ಸು 5.30ಕ್ಕೆ ಹೊರಡುವಂತೆ ವ್ಯವಸ್ಥೆ ಮಾಡಿಕೊಡಬೇಕೆಂದು ತಮ್ಮಲ್ಲಿ ವಿನಂತಿ."

ಇದು ನನ್ನ ಮೊದಲ ಗಿಡ್ಡ ಅರ್ಜಿಗಿಂತ ಸ್ವಲ್ಪ ಉದ್ದ. ಇರಲಿ. 7.30ರ ಬಸ್ಸಿನ ವಿಷಯ ಎರಡು ಪುಟದ ಅರ್ಜಿಯಲ್ಲಿ ಎಲ್ಲೋ ಕೊನೆಗೆ ಸೇರಿಕೊಂಡಿತ್ತು. ಅದಿಲ್ಲದಿದ್ದರೆ ಹದಿನೈದು ನಿಮಿಷಕ್ಕೆ ಇಷ್ಟು ಗಲಾಟೆ ಯಾಕೆ ಎಂದು ಓದುವವರಿಗೆ ಅನಿಸುತ್ತದೆ ಅಲ್ವಾ? ಇಲ್ಲಿ ನಾಲ್ಕು ವಾಕ್ಯ ಬರೀ ಸಂಗತಿ. ಸಂಗತಿ ಹೇಳುವಾಗ ಬಾಗುವ ಅಗತ್ಯ ಇಲ್ಲ. 5.15ಕ್ಕೆ ಮುಗಿಯುತ್ತದೆ ಎನ್ನುವುದನ್ನು "ತಮ್ಮ ಗಮನಕ್ಕೆ ತರಬಯಸುತ್ತೇವೆ" ಎಂದು ಸುತ್ತಿಕೊಡುವುದು ಬೇಡ. ಕೇಳಿಕೊಳ್ಳುವ ವಾಕ್ಯ ಒಂದೇ, ಮರ್ಯಾದೆ ಪೂರ್ತಿ ಅಲ್ಲಿ. ಹಳೆಯದರಲ್ಲಿ "ದಯಮಾಡಿ", "ಕಳಕಳಿಯಿಂದ", "ತಾವು", "ತಮ್ಮಲ್ಲಿ", "ವಿನಂತಿಸಿಕೊಳ್ಳುತ್ತೇವೆ" ಎಲ್ಲಾ ಒಟ್ಟಿಗೆ ಇದ್ದವು. "ತಮ್ಮಲ್ಲಿ ವಿನಂತಿ" ಮಾತ್ರ ಉಳಿದರೂ ಕೆಲಸ ಆಗುತ್ತದೆ. ಆದರೆ ಅದೂ ಹೋದರೆ ಏನೂ ಉಳಿಯುವುದಿಲ್ಲ.

ತಲೆಬರಹ ಹಾಗೇ ಬಿಟ್ಟೆ. "ಮಾನ್ಯರೇ" ತೆಗೆದು "ಸರ್" ಮಾಡಲಿಲ್ಲ, "ವಿಷಯ" ಎಂಬ ಸಾಲನ್ನೂ ಗಿಡ್ಡ ಮಾಡಲಿಲ್ಲ. "ಬಸ್ಸಿನ ಬಗ್ಗೆ" ಎಂದು ಬರೆದರೆ ಯಾವ ಬಸ್ಸು, ಏನಾಗಬೇಕು ತಿಳಿಯುವುದಿಲ್ಲ. "ಸಂಜೆ 5 ಗಂಟೆಯ ಬಸ್ಸಿನ ಸಮಯ 5.30ಕ್ಕೆ ಬದಲಿಸುವ ಕುರಿತು" ಎಂದಿದ್ದರೆ ಕೆಳಗೆ ಒಂದು ವಾಕ್ಯ ಬರೆಯುವುದೇ ತಪ್ಪುತ್ತದೆ.

ಪದ ಆರಿಸುವುದರ ಬಗ್ಗೆ ಒಂದು ಮಾತು. ಅರ್ಜಿ ಗಂಭೀರವಾಗಿರಬೇಕು ಎಂದು ಸಂಸ್ಕೃತದ ಉದ್ದ ಪದಗಳನ್ನು ಹುಡುಕುವವರು ಜಾಸ್ತಿ. ನಮ್ಮ ಕಚೇರಿ ಕನ್ನಡದಲ್ಲಿ ಪಾರ್ಸಿ, ಅರಬ್ಬಿ ಕಡೆಯಿಂದ ಬಂದ ಚಿಕ್ಕ ಪದಗಳೇ ಬೇಕಾದಷ್ಟಿವೆ: ಅರ್ಜಿ, ಮಂಜೂರು, ಹಾಜರು, ವಜಾ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು, ಇಲ್ಲಿನ ಹಿರಿಯರ ಬಾಯಲ್ಲಿ ಇಂಥ ಪದಗಳು ಇನ್ನೂ ಹೆಚ್ಚು ಸಲೀಸು. "ಅನುಮೋದಿಸಿ ಆದೇಶ ಹೊರಡಿಸಬೇಕೆಂದು" ಎನ್ನುವ ಕಡೆ "ಮಂಜೂರು ಮಾಡಬೇಕೆಂದು" ಎಂದರೆ ಚಿಕ್ಕದೂ ಆಯಿತು, ಕಚೇರಿಯ ಗತ್ತೂ ಉಳಿಯಿತು.

ಎರಡನೇ ಪತ್ರ ಇದಕ್ಕೆ ಪೂರ್ತಿ ಬೇರೆ. ಪಕ್ಕದ ಮನೆಯ ಅಜ್ಜಿಯ ಮೊಮ್ಮಗ ವಸತಿ ಶಾಲೆಯಲ್ಲಿ ಓದುತ್ತಾನೆ. ಮಕ್ಕಳು ಅಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೆ ಅಜ್ಜಿ ಅಂಚೆ ಕಾರ್ಡು ಬರೆಸುತ್ತಾರೆ. ಕಾರ್ಡಿನಲ್ಲಿ ಜಾಗ ಎಷ್ಟಿರುತ್ತದೆ ಗೊತ್ತಲ್ಲ, ಅಜ್ಜಿಯ ಮಾತು ಅದರಲ್ಲಿ ಹಿಡಿಸುವುದಿಲ್ಲ. ಅವರು ಹೇಳಿದ್ದು ಹೀಗೆ:

"ನನ್ನ ಬಂಗಾರಾ, ಆರಾಮ ಅದಿಯೇನೋ? ಊಟ ಬರೋಬರಿ ಮಾಡ್ತಿಯೋ ಇಲ್ಲೋ? ಈ ಸಲ ಜ್ವಾಳ ಚಲೋ ಬಂದೈತಿ. ನಿಮ್ಮ ಕಾಕಾ ಎಮ್ಮಿ ಮಾರ್ಯಾನ, ನನಗ ಹೇಳಲೂ ಇಲ್ಲ ಕೇಳಲೂ ಇಲ್ಲ. ಮನಿ ಮಾಳಗಿ ಸೋರ್ತಿತ್ತು, ಮಣ್ಣ ಹಾಕಿಸೀವಿ. ಎಳ್ಳ ಅಮಾಸಿಗೆ ಬರ್ತಿ ಅಂತ ಮಾಡೀನಿ. ರಜಾ ಕೊಡ್ತಾರೋ ಇಲ್ಲೋ ಕೇಳಿ ತಿಳಸು. ನೀ ಬಂದ್ರ ಹೊಲಕ್ಕ ಹೋಗಿ ಚರಗ ಚಲ್ಲೂಣು, ನಿನಗಂತ ಶೇಂಗಾ ಹೋಳಿಗಿ ಮಾಡ್ತೀನಿ."

ನಾನು ಅರ್ಜಿ ಬರೆಯುವ ಕೈಯಲ್ಲೇ ಬರೆದೆ: "ಚಿ. ಮೊಮ್ಮಗನಿಗೆ ಆಶೀರ್ವಾದಗಳು. ನಾವು ಕ್ಷೇಮ. ಬೆಳೆ ಚೆನ್ನಾಗಿದೆ. ಎಮ್ಮೆ ಮಾರಲಾಗಿದೆ. ಮಾಳಿಗೆ ರಿಪೇರಿ ಆಗಿದೆ. ಎಳ್ಳ ಅಮಾವಾಸ್ಯೆಗೆ ರಜೆ ಇದೆಯೇ ತಿಳಿಸುವುದು."

ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇದು ಯಾರು ಬರದಾರ ಅಂತ ಕೇಳ್ತಾನ ಅವ" ಅಂದರು. ನನಗೆ ಬಹಳ ಬೇಜಾರಾಯಿತು. ಎಲ್ಲಾ ಸುದ್ದಿಯೂ ಇತ್ತು, ಅಜ್ಜಿ ಮಾತ್ರ ಇರಲಿಲ್ಲ. ತಂತಿ ಕಳಿಸುವ ಕಾಲದಲ್ಲಿ ಪದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಿತ್ತು, ಅದಕ್ಕೆ ಜನ ಹೀಗೆ ಬರೆಯುತ್ತಿದ್ದರು. ಮನೆಗೆ ತಂತಿ ಬಂತು ಅಂದರೆ ಎದೆ ಧಸಕ್ಕೆನ್ನುತ್ತಿತ್ತು. ಆ ಸೇವೆ 2013ರ ಜುಲೈನಲ್ಲಿ ನಿಂತೇ ಹೋಯಿತು, ಆದರೆ ಆ ಧಾಟಿ ನನ್ನ ಕೈಯಲ್ಲಿ ಉಳಿದಿತ್ತು.

ಅಂದು ನನಗೆ ತಿಳಿದದ್ದು ಇಷ್ಟು. ಅರ್ಜಿಯಲ್ಲಿ ಸಂಗತಿ ಒಂದೂ ಬಿಡದೆ ಮಾತು ಕಡಿಮೆ ಮಾಡಬೇಕು. ಮನೆಯ ಪತ್ರದಲ್ಲಿ ಮಾತು ಹಾಗೇ ಇಟ್ಟು ಸಂಗತಿಗಳನ್ನೇ ಬಿಡಬೇಕು. ಆರು ಸುದ್ದಿಯನ್ನು ಒಂದೊಂದು ಒಣ ಸಾಲು ಮಾಡುವ ಬದಲು ಎರಡೇ ಸುದ್ದಿ ಇಟ್ಟುಕೊಂಡು ಅವನ್ನು ಅಜ್ಜಿ ಹೇಳಿದ ಹಾಗೇ ಹೇಳುವುದು. ಬೆಳೆ, ಮಾಳಿಗೆ ಬಿಡಬಹುದು, ಹುಡುಗ ಊರಿಗೆ ಬಂದರೆ ಕಣ್ಣಾರೆ ನೋಡುತ್ತಾನೆ. "ಅದಿಯೇನೋ" ಎನ್ನುವ ಆ "ಓ" ಮಾತ್ರ ಬಿಡುವ ಹಾಗಿಲ್ಲ. ಅಲ್ಲಿ "ಹೇಗಿದ್ದೀಯಾ" ಎಂದು ತಿದ್ದಿದರೂ ಅದು ಮೇಷ್ಟ್ರ ದನಿ ಆಗುತ್ತದೆ.

ಕಾರ್ಡಿಗೆ ಹೋದದ್ದು: "ನನ್ನ ಬಂಗಾರಾ, ಆರಾಮ ಅದಿಯೇನೋ? ಊಟ ಬರೋಬರಿ ಮಾಡ್ತಿಯೋ ಇಲ್ಲೋ? ಎಳ್ಳ ಅಮಾಸಿಗೆ ಬರ್ತಿ ಅಂತ ಮಾಡೀನಿ. ರಜಾ ಕೊಡ್ತಾರೋ ಇಲ್ಲೋ ಕೇಳಿ ತಿಳಸು. ನಿನಗಂತ ಶೇಂಗಾ ಹೋಳಿಗಿ ಮಾಡ್ತೀನಿ. ಎಮ್ಮಿ ಸುದ್ದಿ ನೀ ಬಂದ ಮ್ಯಾಲೆ ಹೇಳ್ತೀನಿ."

ಈಗ ನಾನು ಯಾವ ಪತ್ರ ಗಿಡ್ಡ ಮಾಡಿದರೂ ಒಂದು ಕೆಲಸ ಮಾಡುತ್ತೇನೆ. ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಸಾಲಾಗಿ ಗಟ್ಟಿಯಾಗಿ ಓದುತ್ತೇನೆ. ನನ್ನ ಕೆಟ್ಟ ಅರ್ಜಿಯಲ್ಲಿ: ಬರುತ್ತಾರೆ, ಇರುತ್ತದೆ, ಬಿಡುತ್ತೀರಿ, ತೊಂದರೆ, ಬದಲಾಯಿಸಬೇಕು. ಜಗಳ ಅಲ್ಲೇ ಕೇಳುತ್ತದೆ. ಕೆಟ್ಟ ಕಾರ್ಡಿನಲ್ಲಿ: ಮಾರಲಾಗಿದೆ, ಆಗಿದೆ, ತಿಳಿಸುವುದು. ಅದು ಕಚೇರಿ. ಸರಿ ಮಾಡಿದ ಕಾರ್ಡಿನಲ್ಲಿ: ಅದಿಯೇನೋ, ಇಲ್ಲೋ, ಮಾಡೀನಿ, ತಿಳಸು. ಇದು ಅಜ್ಜಿ.

ಈ ಪರೀಕ್ಷೆಗೆ ಸಿಗದ ಒಂದು ತಪ್ಪಿದೆ. "ನೀವು" ಅಂದರೂ "ತಾವು" ಅಂದರೂ ಕ್ರಿಯಾಪದ "ಮಾಡುತ್ತೀರಿ" ಎಂದೇ ಇರುತ್ತದೆ. ಹಾಗಾಗಿ ಕೊನೆಗಳನ್ನು ಓದಿದರೆ ಇವೆರಡು ಬೆರೆತದ್ದು ಗೊತ್ತಾಗುವುದಿಲ್ಲ. ಒಂದು ಪ್ಯಾರಾ ತೆಗೆದು ಇನ್ನೆರಡನ್ನು ಜೋಡಿಸುವಾಗ ಮೇಲೆ "ತಮ್ಮ", ಕೆಳಗೆ "ನಿಮ್ಮ" ಉಳಿದುಬಿಡುತ್ತದೆ. ಅದನ್ನು ಬೇರೆಯಾಗಿಯೇ ಹುಡುಕಿ ಒಂದು ಮಾಡಬೇಕು.

ಅಜ್ಜಿಯ ಕಾರ್ಡಿಗೆ ಉತ್ತರ ಬಂತು. ಅವನು ಅಜ್ಜಿಯನ್ನು ಅಮ್ಮಾ ಎಂದೇ ಕರೆಯುತ್ತಾನೆ. "ಅಮ್ಮಾ, ಎಮ್ಮಿಗೆ ಏನಾತು? ಸತ್ತೇನು? ಮೊದಲ ಅದನ್ನ ಬರಿ" ಎಂದಿತ್ತು. ರಜೆಯ ಸುದ್ದಿಯೇ ಇಲ್ಲ. ಆ ಕೊನೆಯ ಸಾಲನ್ನು ಸೇರಿಸಿದವನು ನಾನು. ಬಿಡುವುದಾದರೆ ಪೂರ್ತಿ ಬಿಡಬೇಕಿತ್ತು, ಇಲ್ಲವಾದರೆ "ಕಾಕಾ ಎಮ್ಮಿ ಮಾರ್ಯಾನ" ಎಂದು ಮೂರು ಪದ ಬರೆಯಬೇಕಿತ್ತು. ಅಂದು ಸಂಜೆಯೇ ಇನ್ನೊಂದು ಕಾರ್ಡು ತಂದು ಬರೆದೆವು. ಈ ಸಲ ಅಜ್ಜಿ ಎಮ್ಮೆಯ ವಿಷಯ ಒಂದೇ ಹೇಳಿದರು, ಕಾರ್ಡು ತುಂಬಿತು.